ಅಡ್ವಾನ್ಸು, ಕಲಂ 74 ಮತ್ತು ನಾಲ್ಕು ಬಣ್ಣದ ಪೆನ್ಸಿಲು

ಮೂಟ್ ಕೋರ್ಟ್ ಅಂದ ತಕ್ಷಣ ಎಲ್ಲರ ಕಣ್ಣಿಗೂ ಬರೋದು ಕಪ್ಪು ಕೋಟು, ಬಿಳಿ ಬ್ಯಾಂಡು, ‘ಮೈ ಲಾರ್ಡ್’ ಅನ್ನುವ ಗತ್ತು. ಆದರೆ ನಮ್ಮಂಥ ಕಾನೂನು ವಿದ್ಯಾರ್ಥಿಗಳ ನಿದ್ದೆ ಕೆಡಿಸೋದು ಆ ಮಾತಿಗೂ ಮೊದಲು ಬರೆದುಕೊಡಬೇಕಾದ ಮೆಮೋರಿಯಲ್. ವಾದವನ್ನೆಲ್ಲ ಅಕ್ಷರಕ್ಕಿಳಿಸಿ, ಬೈಂಡ್ ಮಾಡಿಸಿ, ಎದುರು ತಂಡಕ್ಕೊಂದು ಜಡ್ಜ್‌ಗೊಂದು ಪ್ರತಿ ಕೊಡುವ ದಸ್ತಾವೇಜು ಅದು. ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಒಂದೊಂದು ಮೂಟ್‌ಗೆ 10 ಅಂಕ ಇಟ್ಟಿದ್ದಾರೆ. ಅದರಲ್ಲಿ ಮಾತಿಗೆ 5, ಬರವಣಿಗೆಗೆ 5. ಅಂದರೆ ಬಾಯಿ ತೆರೆಯುವ ಮುಂಚೆಯೇ ಅರ್ಧ ಅಂಕ ತೀರ್ಮಾನವಾಗಿರುತ್ತದೆ.

ಮೆಮೋರಿಯಲ್‌ಗೊಂದು ಸಿದ್ಧ ಚೌಕಟ್ಟಿದೆ. ಮುಖಪುಟ, ಪರಿವಿಡಿ, ಉಲ್ಲೇಖಿಸಿದ ತೀರ್ಪುಗಳ ಪಟ್ಟಿ, ನ್ಯಾಯಾಲಯದ ಅಧಿಕಾರವ್ಯಾಪ್ತಿ, ಪ್ರಕರಣದ ಸಂಗತಿಗಳು, ವಿವಾದಾಂಶಗಳು, ವಾದದ ಸಾರಾಂಶ, ವಿಸ್ತೃತ ವಾದ, ಕೊನೆಗೆ ಪ್ರಾರ್ಥನೆ. ಹಳೆಯ ಮೆಮೋರಿಯಲ್ ಒಂದನ್ನು ಮುಂದಿಟ್ಟುಕೊಂಡರೆ ಈ ಚೌಕಟ್ಟನ್ನು ಯಾರು ಬೇಕಾದರೂ ಕಟ್ಟಬಹುದು. ಹಳೆಯದನ್ನು ನೋಡಿ ಬರೆಯಲಾಗದ್ದು ‘ವಿಸ್ತೃತ ವಾದ’ದ ಭಾಗ ಮಾತ್ರ. ಎಡವೋದೂ ಅಲ್ಲೇ. ಈ ಲೇಖನ ಆ ಭಾಗದ ಬಗ್ಗೆ, ಅದರಲ್ಲೂ ಒಂದೇ ಒಂದು ಪ್ಯಾರಾದ ಬಗ್ಗೆ.

ದಾವಣಗೆರೆಯ ವಿದ್ಯಾನಗರದಲ್ಲಿ ನಾವು ಮೂವರು ಹುಡುಗಿಯರು ಬಾಡಿಗೆ ರೂಮು ಮಾಡಿಕೊಂಡಿದ್ದೇವೆ. ನಾನು ಕೊನೆಯ ವರ್ಷದ ಎಲ್‌ಎಲ್‌ಬಿ. ನಮ್ಮ ಜೂನಿಯರ್ ಒಬ್ಬಳು ಹರಿಹರದ ಕಡೆಯ ಹಳ್ಳಿಯವಳು. ಪಿಯುಸಿವರೆಗೂ ಕನ್ನಡ ಮೀಡಿಯಂ. ಅವಳ ಮೆಮೋರಿಯಲ್ ಕೆಂಪು ಇಂಕಿನ ಒಂದೇ ಪ್ರಶ್ನೆ ಹೊತ್ತು ವಾಪಸ್ ಬಂದಿತ್ತು: ‘ಅನ್ವಯ ಎಲ್ಲಿ?’ ತಿದ್ದಿ ಕೊಡಲು ನಾಲ್ಕು ದಿನ ಗಡುವು. ತಿದ್ದದಿದ್ದರೆ ಐದಕ್ಕೆ ಎರಡು ಅಂಕ.

‘ಅಕ್ಕಾ, ಕಾಯ್ದೆ ಬರ್ದೀನಿ, ನಾಲ್ಕು ಸುಪ್ರೀಂ ಕೋರ್ಟ್ ತೀರ್ಪು ಹಾಕೀನಿ, ಇನ್ನೇನು ಬೇಕಂತೆ ಅವರಿಗೆ?’ ಅಂದಳು. ಕಾಯ್ದೆಯೂ ಸರಿಯಿತ್ತು, ತೀರ್ಪುಗಳೂ ಸರಿಯಿದ್ದವು. ಅವನ್ನು ಜೋಡಿಸಿದ ರೀತಿಯಲ್ಲಿ ತೊಡಕಿತ್ತು.

ಪ್ರಕರಣ ಇಷ್ಟು

ಮೂಟ್‌ಗೆ ಕೊಟ್ಟಿದ್ದ ಕಾಲ್ಪನಿಕ ಪ್ರಕರಣ ನಮ್ಮೂರಿನ ಯಾವ ಮನೆಯಲ್ಲಾದರೂ ನಡೆಯಬಹುದಾದದ್ದು. ಒಂದು ಕುಟುಂಬ ಮಗಳ ಮದುವೆಗೆ ಕಲ್ಯಾಣ ಮಂಟಪ ಗೊತ್ತು ಮಾಡುತ್ತದೆ. ಬಾಡಿಗೆ ₹1,20,000. ಮುಂಗಡ ₹60,000 ಕೊಟ್ಟು ರಸೀದಿ ಪಡೆಯುತ್ತದೆ. ರಸೀದಿಯ ಕೆಳಗೆ ಸಣ್ಣಕ್ಷರದಲ್ಲಿ ‘ಯಾವುದೇ ಕಾರಣಕ್ಕೆ ರದ್ದು ಮಾಡಿದರೂ ಅಡ್ವಾನ್ಸ್ ವಾಪಸ್ ಕೊಡಲಾಗುವುದಿಲ್ಲ’ ಎಂದಿದೆ. ಮದುವೆಗೆ 75 ದಿನ ಇರುವಾಗ ಸಂಬಂಧ ಮುರಿಯುತ್ತದೆ, ಕುಟುಂಬ ಬುಕಿಂಗ್ ರದ್ದು ಮಾಡುತ್ತದೆ. ಹನ್ನೆರಡೇ ದಿನದಲ್ಲಿ ಅದೇ ಮುಹೂರ್ತಕ್ಕೆ ಇನ್ನೊಂದು ಕುಟುಂಬ ಅದೇ ಮಂಟಪವನ್ನು ₹1,10,000ಕ್ಕೆ ಹಿಡಿಯುತ್ತದೆ. ಮಂಟಪದವರು ಅಡ್ವಾನ್ಸ್ ಪೂರ್ತಿ ಇಟ್ಟುಕೊಳ್ಳುತ್ತಾರೆ. ಕುಟುಂಬ ದಾವೆ ಹೂಡುತ್ತದೆ. ನಮ್ಮ ಹುಡುಗಿ ವಾದಿಯ ಪರ, ಅಂದರೆ ಕುಟುಂಬದ ಪರ.

ಇದಕ್ಕೆ ಬೇಕಾದ ಕಾನೂನು 1872ರ ಭಾರತೀಯ ಕರಾರು ಕಾಯ್ದೆಯ ಕಲಂ 74. ಕರಾರು ಮುರಿದರೆ ಇಷ್ಟು ಹಣ ಕೊಡಬೇಕು ಎಂದೋ, ಬೇರೆ ಯಾವುದಾದರೂ ದಂಡರೂಪದ ಷರತ್ತನ್ನೋ ಕರಾರಿನಲ್ಲೇ ಬರೆದಿದ್ದರೆ ಏನು ಮಾಡಬೇಕು ಅನ್ನೋದನ್ನು ಅದು ಹೇಳುತ್ತದೆ. ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ. ಆ ಮಿತಿಯೊಳಗೆ ಸಿಗೋದು ‘ಸಮಂಜಸ ಪರಿಹಾರ’.

ಮೊದಲು ಬಣ್ಣ ಬಳಿಯಿರಿ

ಪ್ರಶ್ನೆ, ನಿಯಮ, ಅನ್ವಯ, ತೀರ್ಮಾನ. ಇಂಗ್ಲಿಷಿನ ಮೊದಲಕ್ಷರ ಸೇರಿಸಿ ಇದನ್ನು ‘ಐರ್ಯಾಕ್’ ಅನ್ನುತ್ತಾರೆ. ಕ್ಲಾಸಿನಲ್ಲಿ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಆದರೆ ಬರೆದಾಗಿರುವ ಮೆಮೋರಿಯಲ್ ಅನ್ನು ಇದಕ್ಕೆ ಒಗ್ಗಿಸೋದು ಹೊಸದಾಗಿ ಬರೆಯುವುದಕ್ಕಿಂತ ಬೇರೆ ಕೆಲಸ. ಅಲ್ಲಿ ಮೊದಲು ಮಾಡಬೇಕಾದ್ದು ವಿಂಗಡಣೆ.

ಅವಳ ಪ್ಯಾರಾ ಒಂದೂವರೆ ಪುಟ ಇತ್ತು. ನಾಲ್ಕು ಬಣ್ಣದ ಪೆನ್ಸಿಲ್ ತೆಗೆದುಕೊಂಡು ವಾಕ್ಯ ವಾಕ್ಯಕ್ಕೂ ಗೆರೆ ಎಳೆಯಲು ಹೇಳಿದೆ. ಯಾವ ಪ್ರಶ್ನೆಗೆ ಉತ್ತರ ಬೇಕು ಎಂದು ಹೇಳುವ ವಾಕ್ಯಕ್ಕೆ ನೀಲಿ. ಕಾನೂನು ಏನೆನ್ನುತ್ತದೆ ಎಂದು ಹೇಳಿದರೆ ಹಸಿರು. ನಮ್ಮ ಪ್ರಕರಣದ ಸಂಗತಿಗೂ ಕಾನೂನಿಗೂ ಗಂಟು ಹಾಕಿದರೆ ಕೆಂಪು. ಆದ್ದರಿಂದ ಹೀಗೆ ಎಂದು ಮುಗಿಸಿದರೆ ಹಳದಿ.

ಗೆರೆ ಎಳೆದು ಮುಗಿದಾಗ ಪುಟ ಹೆಚ್ಚುಕಡಿಮೆ ಪೂರ್ತಿ ಹಸಿರು. ಒಟ್ಟು 29 ವಾಕ್ಯದಲ್ಲಿ ಹಸಿರು 21, ಹಳದಿ 6, ನೀಲಿ 1, ಕೆಂಪು 1. ಆ ಒಂದು ಕೆಂಪು ವಾಕ್ಯವೂ ‘ಮೇಲಿನ ತೀರ್ಪುಗಳು ಪ್ರಸ್ತುತ ಪ್ರಕರಣಕ್ಕೆ ಸಂಪೂರ್ಣವಾಗಿ ಅನ್ವಯಿಸುತ್ತವೆ’ ಎಂಬುದು. ಅದನ್ನು ಕೆಂಪು ಅನ್ನೋದೂ ತಪ್ಪು. ಅನ್ವಯಿಸುತ್ತದೆ ಅಂದರೆ ಅನ್ವಯಿಸಿದಂತಾಗೋದಿಲ್ಲ. ಹಸಿವಾಗಿದೆ ಅಂದವರಿಗೆ ಊಟ ಹೊಟ್ಟೆ ತುಂಬಿಸುತ್ತದೆ ಎಂದು ಹೇಳಿದಷ್ಟೇ ಅದು. ಕೆಂಪು ಇಂಕಿನ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು.

ಅನ್ವಯ ಇದೆಯೋ ಇಲ್ಲವೋ ಎಂದು ಪತ್ತೆ ಮಾಡಲು ಇನ್ನೊಂದು ಸುಲಭ ದಾರಿ ಉಂಟು. ಪ್ಯಾರಾದಲ್ಲಿ ಬರುವ ವಾದಿ, ಪ್ರತಿವಾದಿ ಎಂಬ ಪದಗಳ ಮೇಲೆ ಬೆರಳಿಟ್ಟು ಮುಚ್ಚಿ ಓದಿ. ಆಗಲೂ ಅದು ಕಲ್ಯಾಣ ಮಂಟಪದ ಕಥೆ ಎಂದು ಗೊತ್ತಾಗಬೇಕು. ಅದನ್ನೇ ಎತ್ತಿಕೊಂಡು ಹೋಗಿ ಕಬ್ಬಿಣದ ಸರಬರಾಜಿನ ಪ್ರಕರಣಕ್ಕೆ ಅಂಟಿಸಬಹುದು ಅನ್ನಿಸಿದರೆ ಅಲ್ಲಿರೋದು ನಿಯಮ ಮಾತ್ರ, ಅನ್ವಯ ಅಲ್ಲ.

ಪ್ರಶ್ನೆ: ಎರಡನ್ನು ಒಂದೇ ಗೋಣಿಗೆ ತುಂಬಬೇಡಿ

ಅವಳ ನೀಲಿ ವಾಕ್ಯ ಹೀಗಿತ್ತು: ‘ಪ್ರತಿವಾದಿ ಅಡ್ವಾನ್ಸ್ ಇಟ್ಟುಕೊಂಡದ್ದು ಕಾನೂನುಬದ್ಧವೇ?’ ಇದಕ್ಕೆ ಹೌದು ಅಂತಲೋ ಇಲ್ಲ ಅಂತಲೋ ಹೇಳಬಹುದು. ಆದರೆ ಯಾವ ಕಾನೂನು, ಯಾವ ಸಂಗತಿ ಅನ್ನೋದು ಅದರಲ್ಲಿಲ್ಲ. ಪ್ರಶ್ನೆಯಲ್ಲಿ ಮೂರು ಇರಬೇಕು: ಕಲಂ, ಫಲಿತಾಂಶ ಬದಲಿಸಬಲ್ಲ ಸಂಗತಿ, ಕೇಳುತ್ತಿರುವ ಉತ್ತರ. ಜೊತೆಗೆ ಒಂದು ಪ್ರಶ್ನೆಗೆ ಒಂದೇ ನಿಯಮ.

ಬಿಡಿಸಿ ನೋಡಿದರೆ ಆ ಒಂದು ವಾಕ್ಯದೊಳಗೆ ಎರಡು ಪ್ರಶ್ನೆ ಅಡಗಿದ್ದವು. ಮೊದಲನೆಯದು, ಈ ₹60,000 ಕಾನೂನಿನ ಭಾಷೆಯಲ್ಲಿ ‘ಸಂಚಕಾರ’ವೋ, ಬರೀ ಮುಂಗಡವೋ? ಈಗಿನ ಮಾತಿನಲ್ಲಿ ಸಂಚಕಾರ ಅಂದರೆ ಅಪಾಯ. ವ್ಯವಹಾರದಲ್ಲಿ ಅದು ಮಾತು ಗಟ್ಟಿಯಾಯಿತು ಎಂಬುದಕ್ಕೆ ಗುರುತಾಗಿ ಕೊಡುವ ಹಣ. ಮಾತಿಗೆ ತಪ್ಪಿದರೆ ಅದು ಹೋಗುತ್ತದೆ ಎಂದು ಒಪ್ಪಿಯೇ ಕೊಟ್ಟಿರುತ್ತಾರೆ. ಎರಡನೆಯದು, 75 ದಿನ ಮೊದಲೇ ರದ್ದಾಗಿ, ಅದೇ ದಿನಕ್ಕೆ ಮಂಟಪ ಮತ್ತೆ ಬಾಡಿಗೆಗೆ ಹೋಗಿರುವಾಗ ₹60,000 ಪೂರ್ತಿ ಇಟ್ಟುಕೊಳ್ಳೋದು ಕಲಂ 74ರ ಸಮಂಜಸ ಪರಿಹಾರ ಆಗುತ್ತದೆಯೇ?

ಎರಡಕ್ಕೂ ಬೇರೆ ಬೇರೆ ಪ್ಯಾರಾ ಬೇಕು. ಒಂದರೊಳಗೊಂದು ತುರುಕಿದ್ದರಿಂದಲೇ ಅವಳ ಒಂದೂವರೆ ಪುಟ ಎಲ್ಲಿಂದೆಲ್ಲಿಗೋ ಹರಿದಿತ್ತು.

ಮೊದಲನೆಯದನ್ನು ಚಿಕ್ಕದಾಗಿ ಮುಗಿಸಿದೆವು. ರಸೀದಿಯಲ್ಲಿ ‘ಅಡ್ವಾನ್ಸ್’ ಎಂದಿದೆ, ಅದು ಬಾಡಿಗೆಯ ಅರ್ಧ, ಮದುವೆಯ ದಿನ ಬಾಡಿಗೆಯಲ್ಲಿ ಮುರಿದುಕೊಳ್ಳುವ ಹಣ. ಹಾಗಾಗಿ ಸಂಚಕಾರವಲ್ಲ. ಅದನ್ನು ಸಂಚಕಾರ ಎಂದೇ ಕೋರ್ಟ್ ಹಿಡಿದರೂ, ಕೈಲಾಸ್ ನಾಥ್ ಅಸೋಸಿಯೇಟ್ಸ್ ಮತ್ತು ದೆಹಲಿ ಅಭಿವೃದ್ಧಿ ಪ್ರಾಧಿಕಾರದ ನಡುವಿನ 2015ರ ತೀರ್ಪಿನ ಪ್ರಕಾರ ಕರಾರಿನ ಷರತ್ತಿನಂತೆ ಸಂಚಕಾರ ಮುಟ್ಟುಗೋಲು ಹಾಕುವಾಗಲೂ ಕಲಂ 74 ಅನ್ವಯ. ಹೀಗೆ ‘ಅದಲ್ಲ, ಅದಾದರೂ’ ಎಂದು ಎರಡು ಮೆಟ್ಟಿಲು ಇಟ್ಟುಕೊಂಡರೆ ಮೊದಲ ಮೆಟ್ಟಿಲು ಜಾರಿದರೂ ಎರಡನೆಯದು ಕಾಲಿಗೆ ಸಿಗುತ್ತದೆ.

ನಿಯಮ: ಹೆಡ್‌ನೋಟ್ ಅಲ್ಲ, ಅದರ ತಿರುಳು

ಎರಡನೇ ಪ್ರಶ್ನೆಯೇ ಪ್ರಕರಣದ ಜೀವ. ಇದಕ್ಕೆ ಅವಳು ನಾಲ್ಕು ತೀರ್ಪುಗಳ ಹೆಡ್‌ನೋಟನ್ನು ಒಂದರ ಕೆಳಗೊಂದು ಇಳಿಸಿದ್ದಳು. ಓದುವವರಿಗೆ ಬೇಕಾದ್ದು ನಾಲ್ಕೂ ಸೇರಿ ಯಾವ ಒಂದು ನಿಯಮ ಆಗುತ್ತದೆ ಅನ್ನೋದು. ತೀರ್ಪುಗಳನ್ನು ಬದಿಗಿಟ್ಟು, ಪ್ರತಿಯೊಂದೂ ಈ ಪ್ರಶ್ನೆಗೆ ಏನು ಹೇಳಿತು ಎಂದು ಒಂದೇ ಸಾಲಿನಲ್ಲಿ ಕನ್ನಡದಲ್ಲಿ ಹೇಳು ಅಂದೆ. ಕನ್ನಡ ಅಂದದ್ದು ಬೇಕೆಂತಲೇ. ಇಂಗ್ಲಿಷಿನಲ್ಲಿ ನಮಗೆ ಎರವಲು ವಾಕ್ಯ ಸುಲಭವಾಗಿ ಸಿಗುತ್ತವೆ. ಅರ್ಥವಾಗದೆಯೂ ಬರೆದುಬಿಡಬಹುದು. ಕನ್ನಡದಲ್ಲಿ ಅರ್ಥವಾಗದ್ದು ಬಾಯಿಗೇ ಬರೋದಿಲ್ಲ.

ಸ್ವಲ್ಪ ತಡವರಿಸಿ ಹೇಳಿದಳು. 1963ರ ಫತೇಚಂದ್ ಮತ್ತು ಬಾಲಕಿಶನ್ ದಾಸ್ ಪ್ರಕರಣದಲ್ಲಿ ಬಂಗಲೆಯೊಂದರ ಮಾರಾಟ ಮುರಿದುಬಿತ್ತು. ಮಾರುವವನು ತನ್ನ ಕೈಗೆ ಬಂದಿದ್ದ ₹25,000 ಪೂರ್ತಿ ತನ್ನದೆಂದ. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಸಂಚಕಾರದ ₹1,000 ಇಟ್ಟುಕೊಳ್ಳಲು ಬಿಟ್ಟು, ಉಳಿದ ₹24,000ಕ್ಕೆ ತಕ್ಕ ನಷ್ಟ ಸಾಬೀತಾಗಿಲ್ಲ ಎಂದಿತು. 1969ರ ಮೌಲಾ ಬಕ್ಷ್ ಪ್ರಕರಣ ಸೇನೆಗೆ ಆಲೂಗಡ್ಡೆ, ಕೋಳಿ, ಮೊಟ್ಟೆ, ಮೀನು ಪೂರೈಸುವ ಗುತ್ತಿಗೆಯದು. ಗುತ್ತಿಗೆದಾರ ತಪ್ಪಿದ, ಸರ್ಕಾರ ಅವನ ಠೇವಣಿ ₹18,500 ಮುಟ್ಟುಗೋಲು ಹಾಕಿತು. ಬೇರೆ ಕಡೆ ಎಷ್ಟು ದರಕ್ಕೆ ಕೊಂಡೆ ಎಂದು ಸರ್ಕಾರ ಸುಲಭವಾಗಿ ಲೆಕ್ಕ ತೋರಿಸಬಹುದಿತ್ತು, ತೋರಿಸಲಿಲ್ಲ. ಹಾಗಾಗಿ ಹಣ ದಕ್ಕಲಿಲ್ಲ.

ಇಲ್ಲೊಂದು ಹಳ್ಳ ಇದೆ. ಕಲಂ 74ರಲ್ಲೇ ‘ನಿಜವಾದ ಹಾನಿ ಸಾಬೀತಾಗಲಿ, ಆಗದಿರಲಿ’ ಎಂಬ ಅರ್ಥದ ಮಾತಿದೆ. ಎದುರು ತಂಡ ಮೊದಲು ಹಿಡಿಯೋದೇ ಇದನ್ನು: ‘ನಾವು ನಷ್ಟ ತೋರಿಸಬೇಕಾಗಿಯೇ ಇಲ್ಲ’ ಅನ್ನುತ್ತಾರೆ. ಅವಳ ಮೊದಲ ಪ್ರತಿಯಲ್ಲಿ ಕಲಂ ಪೂರ್ತಿ ನಕಲಾಗಿತ್ತು, ಈ ಮಾತಿನ ಬಗ್ಗೆ ಒಂದು ವಾಕ್ಯವೂ ಇರಲಿಲ್ಲ. ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿದ್ದು ಹೀಗೆ: ನಷ್ಟದ ಮೊತ್ತವನ್ನು ಪೈಸೆ ಪೈಸೆ ಸಾಬೀತು ಮಾಡುವ ಹೊರೆ ಇಲ್ಲ. ಹಾಗೆಂದು ನಷ್ಟವೇ ಆಗದಿದ್ದರೂ ಪರಿಹಾರ ಸಿಗುತ್ತದೆ ಎಂದಲ್ಲ. ಲೆಕ್ಕ ಹಾಕಲು ಬರುವ ನಷ್ಟವನ್ನು ಲೆಕ್ಕ ಹಾಕಿಯೇ ತೋರಿಸಬೇಕು.

ನಮಗೆ ಎದುರಾಗುವ ತೀರ್ಪನ್ನೂ ನಿಯಮದಲ್ಲೇ ಹೇಳಿಬಿಡಬೇಕು. 2003ರ ಓಎನ್‌ಜಿಸಿ ಮತ್ತು ಸಾ ಪೈಪ್ಸ್ ಪ್ರಕರಣದಲ್ಲಿ ಪೈಪ್ ಪೂರೈಕೆ ತಡವಾಗಿತ್ತು. ನಷ್ಟ ಅಳೆಯೋದು ಕಷ್ಟವಾಗಿದ್ದು, ಕರಾರಿನ ಮೊತ್ತ ಮೊದಲೇ ಪ್ರಾಮಾಣಿಕವಾಗಿ ಅಂದಾಜು ಮಾಡಿದ್ದಾಗಿದ್ದರೆ ಆ ಮೊತ್ತವನ್ನೇ ಕೊಡಿಸಬಹುದು ಎಂದು ಅಲ್ಲಿ ಕೋರ್ಟ್ ಹೇಳಿತು. ಇದನ್ನು ಬಚ್ಚಿಟ್ಟರೆ ಎದುರಿನವರು ಹೇಗೂ ಎತ್ತುತ್ತಾರೆ. ನಾವೇ ಎತ್ತಿದರೆ ಅದರ ಗಡಿ ಎಲ್ಲಿ ಎಂದು ತೋರಿಸುವ ಅವಕಾಶ ನಮ್ಮದಾಗುತ್ತದೆ.

ಕೊನೆಗೆ 21 ಹಸಿರು ವಾಕ್ಯಗಳು ನಾಲ್ಕಕ್ಕೆ ಇಳಿದವು:

‘ಕಲಂ 74ರಡಿ ಕರಾರಿನಲ್ಲಿ ಬರೆದ ಮೊತ್ತ ಪರಿಹಾರದ ಗರಿಷ್ಠ ಮಿತಿಯೇ ಹೊರತು ತಾನಾಗಿ ಸಲ್ಲುವ ಹಣವಲ್ಲ (ಫತೇಚಂದ್, 1963). ಹಾನಿ ಸಾಬೀತಾಗದಿದ್ದರೂ ಎಂಬ ಮಾತು ಮೊತ್ತದ ಪುರಾವೆಯನ್ನು ಸಡಿಲಿಸುತ್ತದೆ, ನಷ್ಟದ ಅಗತ್ಯವನ್ನಲ್ಲ (ಕೈಲಾಸ್ ನಾಥ್, 2015). ಲೆಕ್ಕಕ್ಕೆ ಸಿಗುವ ನಷ್ಟವನ್ನು ಕೇಳುವವರೇ ತೋರಿಸಬೇಕು (ಮೌಲಾ ಬಕ್ಷ್, 1969). ನಷ್ಟ ಅಳೆಯಲು ಕಷ್ಟವಾಗಿದ್ದು, ಬರೆದ ಮೊತ್ತ ಪ್ರಾಮಾಣಿಕ ಪೂರ್ವ ಅಂದಾಜಾಗಿದ್ದರೆ ಮಾತ್ರ ಅದನ್ನೇ ಕೊಡಿಸಬಹುದು (ಸಾ ಪೈಪ್ಸ್, 2003).’

ಅನ್ವಯ: ಒಂದು ಕೈಯಲ್ಲಿ ಸಂಗತಿ, ಇನ್ನೊಂದರಲ್ಲಿ ನಿಯಮದ ಪದ

ಈಗ ಕೆಂಪು. ಇಲ್ಲಿ ನಾವು ಇಟ್ಟುಕೊಂಡ ಕಟ್ಟಳೆ ಒಂದೇ. ಪ್ರತಿ ವಾಕ್ಯದಲ್ಲೂ ಮೂಟ್ ಪ್ರಾಬ್ಲಂನ ಒಂದು ಸಂಗತಿ ಇರಬೇಕು, ನಿಯಮದಿಂದ ತಂದ ಒಂದು ಪದ ಇರಬೇಕು, ನಡುವೆ ‘ಏಕೆಂದರೆ’ ಎಂದೋ ‘ಆದ್ದರಿಂದ’ ಎಂದೋ ಬರಬೇಕು. ಇದನ್ನು ಹಿಡಿದು ಕೂತಾಗಲೇ ಅವಳು ಮೊದಲ ಸಲ ಸಂಗತಿಗಳ ಪುಟವನ್ನು ಗಮನವಿಟ್ಟು ಓದಿದ್ದು. ‘ಅಕ್ಕಾ, ಮಂಟಪ ಮತ್ತೆ ಬಾಡಿಗೆಗೆ ಹೋಗೈತಿ ಅನ್ನೋದು ನಾನು ವಾದದಾಗ ಎಲ್ಲೂ ಬರದೇ ಇಲ್ಲ!’ ಅಂದಳು. ಇಡೀ ಪ್ರಕರಣ ನಿಂತಿರೋದೇ ಆ ಸಂಗತಿಯ ಮೇಲೆ.

ಅಲ್ಲಿಂದ ಲೆಕ್ಕ ತಾನಾಗಿ ಬಂತು. ಬರಬೇಕಿದ್ದ ಬಾಡಿಗೆ ₹1,20,000. ಬಂದದ್ದು ₹1,10,000. ನಷ್ಟ ₹10,000. ಒಂದೇ ಕಳೆಯುವ ಲೆಕ್ಕದಲ್ಲಿ ತಿಳಿಯುವ ನಷ್ಟವನ್ನು ‘ಅಳೆಯಲು ಕಷ್ಟ’ ಅನ್ನೋಕೆ ಆಗೋದಿಲ್ಲ. ಆದ್ದರಿಂದ ಸಾ ಪೈಪ್ಸ್ ಇಲ್ಲಿಗೆ ಬರೋದಿಲ್ಲ. ಅಷ್ಟೇ ಅಲ್ಲ, ಮದುವೆಯ ಹಿಂದಿನ ದಿನ ರದ್ದು ಮಾಡಿದರೂ ಅಷ್ಟೇ, ಆರು ತಿಂಗಳ ಮೊದಲು ರದ್ದು ಮಾಡಿದರೂ ಅಷ್ಟೇ ಎಂದು ರಸೀದಿಯ ಷರತ್ತು ಹೇಳುತ್ತದೆ. ‘ಯಾವುದೇ ಕಾರಣಕ್ಕೆ’ ಎಂಬ ಆ ಒಂದೇ ಅಳತೆ, ನಷ್ಟವನ್ನು ಯಾರೂ ಅಂದಾಜು ಮಾಡಿರಲಿಲ್ಲ ಎಂಬುದರ ಸುಳಿವು.

ನಾನು ಮಂಟಪದವರ ವಕೀಲಳಾಗಿ ಕೂತು ಎರಡು ಪ್ರಶ್ನೆ ಹಾಕಿದೆ. ಒಂದು: ‘ಎರಡನೇ ಕುಟುಂಬ ಹೇಗೂ ನಮ್ಮಲ್ಲೇ ಬುಕ್ ಮಾಡುತ್ತಿತ್ತು. ನೀವು ರದ್ದು ಮಾಡದಿದ್ದರೆ ಇಬ್ಬರ ಬಾಡಿಗೆಯೂ ಬರುತ್ತಿತ್ತು. ಹಾಗಾದರೆ ನಷ್ಟ ಕಡಿಮೆಯಾಗಿದ್ದು ಹೇಗೆ?’ ಅಂಗಡಿಯವನಿಗೆ ಈ ವಾದ ಒಪ್ಪುತ್ತದೆ. ಅವನ ಹತ್ತಿರ ಸರಕು ಹತ್ತಾರಿದ್ದರೆ ಒಬ್ಬ ಗಿರಾಕಿ ಹೋದಾಗ ಒಂದು ವ್ಯಾಪಾರ ಹೋದಂತೆಯೇ. ಇಲ್ಲಿ ಮಂಟಪ ಒಂದು, ಮುಹೂರ್ತದ ದಿನ ಒಂದು. ಮೊದಲನೆಯವರು ಬಿಟ್ಟದ್ದರಿಂದಲೇ ಎರಡನೆಯವರಿಗೆ ಸಿಕ್ಕಿತು. ಹೊಸ ಬಾಡಿಗೆ ಹಳೆಯದರ ಜಾಗಕ್ಕೇ ಬಂದ ಹಣ.

ಎರಡು: ‘ಕೈಲಾಸ್ ನಾಥ್ ಪ್ರಕರಣದಲ್ಲಿ ಕರಾರು ಮುರಿದದ್ದು ಹಣ ಕೊಟ್ಟವನಲ್ಲ, ಪ್ರಾಧಿಕಾರ ಎಂದು ಕೋರ್ಟೇ ಹೇಳಿದೆ. ಇಲ್ಲಿ ಮುರಿದದ್ದು ನೀವೇ.’ ಇದು ನಿಜ. ಇದನ್ನು ತಳ್ಳಿಹಾಕೋಕೆ ಆಗೋದಿಲ್ಲ, ಒಪ್ಪಿಕೊಂಡೇ ಮುಂದೆ ಹೋಗಬೇಕು. ಆ ತೀರ್ಪಿನಿಂದ ನಾವು ತೆಗೆದುಕೊಳ್ಳೋದು ನಷ್ಟ ಇಲ್ಲದೆ ಪರಿಹಾರ ಇಲ್ಲ ಎಂಬ ತತ್ವ ಮಾತ್ರ. ಅದೇ ನಿವೇಶನವನ್ನು ಪ್ರಾಧಿಕಾರ ಮತ್ತೆ ಹರಾಜು ಹಾಕಿ ಹೆಚ್ಚು ಹಣ ಪಡೆದಿತ್ತು ಎಂಬುದು ನಮ್ಮ ಮಂಟಪದ ಸಂಗತಿಗೆ ಹತ್ತಿರ. ಕರಾರು ಮುರಿದವರೇ ಹಣ ವಾಪಸ್ ಪಡೆದ ನಿದರ್ಶನ ಬೇಕಾದರೆ ಫತೇಚಂದ್, ಮೌಲಾ ಬಕ್ಷ್ ಇದ್ದೇ ಇವೆ. ಒಂದು ತೀರ್ಪು ಎಷ್ಟು ಭಾರ ಹೊರುತ್ತದೋ ಅಷ್ಟನ್ನೇ ಅದರ ಮೇಲೆ ಹೇರಬೇಕು.

ಇನ್ನೊಂದು ಎಚ್ಚರಿಕೆ: ಪ್ರಾಬ್ಲಂನಲ್ಲಿ ಇಲ್ಲದ ಸಂಗತಿಯನ್ನು ಅನ್ವಯದಲ್ಲಿ ಹುಟ್ಟಿಸಬಾರದು. ‘ಆ ಸೀಸನ್ನಿನಲ್ಲಿ ಮಂಟಪಗಳಿಗೆ ಭಾರಿ ಬೇಡಿಕೆ ಇತ್ತು’ ಎಂದು ಅವಳು ಒಂದು ಸಾಲು ಸೇರಿಸಿದ್ದಳು. ನಿಜ ಇರಬಹುದು, ಆದರೆ ಕೊಟ್ಟ ಕಾಗದದಲ್ಲಿ ಇಲ್ಲ. ಹನ್ನೆರಡು ದಿನದಲ್ಲಿ ಮತ್ತೆ ಬುಕ್ ಆಯಿತು ಎಂಬುದು ಇದೆ. ಅದನ್ನೇ ಹೇಳಿದರೆ ಬೇಡಿಕೆ ಇತ್ತು ಎಂದು ಓದುವವರಿಗೇ ಹೊಳೆಯುತ್ತದೆ.

ಹೊಸ ಅನ್ವಯ ಹೀಗೆ ಬಂತು:

‘ಇಲ್ಲಿ ನಷ್ಟ ಲೆಕ್ಕಕ್ಕೆ ಸಿಗುತ್ತದೆ, ಏಕೆಂದರೆ ₹1,20,000ಕ್ಕೆ ಗೊತ್ತಾಗಿದ್ದ ಮಂಟಪ ಅದೇ ದಿನಕ್ಕೆ ₹1,10,000ಕ್ಕೆ ಹೋಗಿದೆ (ಸಂಗತಿಗಳು, ಪ್ಯಾರಾ 6). ಮಂಟಪವೂ ದಿನವೂ ಒಂದೇ ಆದ್ದರಿಂದ ಎರಡನೇ ಬಾಡಿಗೆ ಮೊದಲನೆಯದರ ಬದಲಿಗೆ ಬಂದದ್ದು. ಕರಾರು ಮುರಿದದ್ದು ವಾದಿಯೇ ಎಂಬುದು ನಿಜ, ಆದರೆ ಅದರಿಂದ ಪ್ರತಿವಾದಿಗೆ ಆದ ನಷ್ಟ ₹10,000 ಮಾತ್ರ. ರಸೀದಿಯ ಷರತ್ತು ಪ್ರಾಮಾಣಿಕ ಅಂದಾಜಲ್ಲ, ಏಕೆಂದರೆ ರದ್ದಾದ ದಿನ ಯಾವುದೇ ಇರಲಿ, ಮತ್ತೆ ಬಾಡಿಗೆಗೆ ಹೋಗಲಿ ಬಿಡಲಿ, ಅದು ಒಂದೇ ಮೊತ್ತ ಹೇಳುತ್ತದೆ. ನಷ್ಟದ ಆರು ಪಟ್ಟನ್ನು ಸಮಂಜಸ ಪರಿಹಾರ ಎನ್ನಲಾಗದು.’

ತೀರ್ಮಾನ ಪ್ರಾರ್ಥನೆಯನ್ನೇ ಬದಲಿಸಿತು

ಹಳದಿ ಭಾಗದಲ್ಲಿ ಮೊದಲು ಆರು ವಾಕ್ಯ ಇದ್ದವು. ನ್ಯಾಯ, ನೀತಿ, ಸದಸದ್ವಿವೇಕ, ಬಡ ತಂದೆಯ ಕಣ್ಣೀರು, ಎಲ್ಲವೂ. ತೀರ್ಮಾನಕ್ಕೆ ಬೇಕಾದ್ದು ಒಂದು ಅಥವಾ ಎರಡು ವಾಕ್ಯ. ಪ್ರಶ್ನೆಯಲ್ಲಿ ಬಳಸಿದ ಪದಗಳಲ್ಲೇ ಉತ್ತರ. ಹೊಸ ತೀರ್ಪು, ಹೊಸ ಸಂಗತಿ ಇಲ್ಲಿ ತಲೆಹಾಕಬಾರದು. ಹಾಕಿದರೆ ಅದರ ಜಾಗ ಮೇಲೆಲ್ಲೋ ಇದೆ ಎಂದರ್ಥ.

ನಾವು ಬರೆದದ್ದು: ‘ಆದ್ದರಿಂದ ₹10,000 ಮೀರಿದ ಮುಟ್ಟುಗೋಲು ಕಲಂ 74ರ ಸಮಂಜಸ ಪರಿಹಾರವಲ್ಲ. ₹50,000 ವಾದಿಗೆ ವಾಪಸ್ ಬರಬೇಕು.’

ಇದನ್ನು ಬರೆದ ಮೇಲೆ ಅವಳು ಕೊನೆಯ ಪುಟ ತಿರುಗಿಸಿ ನೋಡಿ ಸುಮ್ಮನಾದಳು. ಪ್ರಾರ್ಥನೆಯಲ್ಲಿ ₹60,000 ಪೂರ್ತಿ ಕೇಳಿತ್ತು. ಹಳೆಯ ಪ್ಯಾರಾದಲ್ಲಿ ಈ ಬಿರುಕು ಕಾಣುತ್ತಿರಲಿಲ್ಲ, ಏಕೆಂದರೆ ಅಲ್ಲಿ ಲೆಕ್ಕವೇ ಇರಲಿಲ್ಲ. ‘₹10,000 ನಾವೇ ಬಿಟ್ಟುಕೊಟ್ರೆ ಸೋತಂಗಾಗಲ್ವಾ ಅಕ್ಕಾ?’ ಅಂದಳು. ಇಲ್ಲ. ₹60,000 ಕೇಳಿದರೆ ಎದುರಿನವರು ₹10,000 ನಷ್ಟ ತೋರಿಸಿ, ನೋಡಿ ಇವರ ಲೆಕ್ಕವೇ ಸುಳ್ಳು ಎನ್ನುತ್ತಾರೆ. ₹50,000 ಕೇಳಿದರೆ ಅವರಿಗೆ ತೋರಿಸಲು ಏನೂ ಉಳಿಯೋದಿಲ್ಲ. ಪ್ರಾರ್ಥನೆ, ಸಾರಾಂಶ, ವಿವಾದಾಂಶ, ಮೂರನ್ನೂ ಹೊಸ ಮೊತ್ತಕ್ಕೆ ತಿದ್ದಿದೆವು. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಬಿಟ್ಟರೆ ಜಡ್ಜ್‌ಗಳ ಕಣ್ಣು ಹೋಗೋದು ನೇರ ಅಲ್ಲಿಗೇ.

ಪರೀಕ್ಷೆ ಬೇರೆ, ಮೆಮೋರಿಯಲ್ ಬೇರೆ

ಕೊನೆಯದಾಗಿ ಕ್ರಮದ ಮಾತು. ಪರೀಕ್ಷೆಯ ಉತ್ತರದಲ್ಲಿ ಪ್ರಶ್ನೆಯಿಂದ ಶುರು ಮಾಡಿ ತೀರ್ಮಾನಕ್ಕೆ ಬರೋದು ಸರಿ. ಅಲ್ಲಿ ನಾವು ಎರಡೂ ಕಡೆ ತೂಗಿ ನೋಡುವವರು. ಮೆಮೋರಿಯಲ್‌ನಲ್ಲಿ ಒಂದು ಕಡೆಯ ವಕೀಲರು. ಅಲ್ಲಿ ಪ್ಯಾರಾದ ತಲೆಬರಹದಲ್ಲೇ ಉತ್ತರ ಇರಬೇಕು. ‘ಮುಟ್ಟುಗೋಲು ಸರಿಯೇ?’ ಎಂದಲ್ಲ, ‘₹10,000 ಮೀರಿದ ಮುಟ್ಟುಗೋಲು ಕಲಂ 74ಕ್ಕೆ ವಿರುದ್ಧ’ ಎಂದು. ಆಮೇಲೆ ನಿಯಮ, ಅನ್ವಯ, ಮತ್ತೆ ಒಂದು ಸಾಲಿನ ತೀರ್ಮಾನ. ಪ್ರಶ್ನಾರ್ಥಕ ವಾಕ್ಯಕ್ಕೆ ‘ವಿವಾದಾಂಶಗಳು’ ಎಂಬ ಪುಟದಲ್ಲಿ ಬೇರೆ ಜಾಗ ಇದ್ದೇ ಇದೆ.

ಹಾಗಂತ ‘ಪ್ರಶ್ನೆ’, ‘ನಿಯಮ’ ಎಂದು ಪ್ಯಾರಾದೊಳಗೆ ಹಣೆಪಟ್ಟಿ ಅಂಟಿಸಬಾರದು. ಅದು ಮನೆಗೆ ಬಣ್ಣ ಬಳಿದ ಮೇಲೂ ಸಾರುವೆ ಬಿಟ್ಟಂತೆ ಕಾಣುತ್ತದೆ. ಎಲ್ಲಾ ವಾದಕ್ಕೂ ಇದು ಒಪ್ಪುತ್ತದೆ ಎಂದೂ ಇಲ್ಲ. ನಿಯಮವೇ ತಕರಾರಿನಲ್ಲಿದ್ದು, ಎರಡು ತೀರ್ಪು ಎರಡು ದಿಕ್ಕಿಗೆ ಎಳೆಯುವಾಗ ನಿಯಮದ ಭಾಗವೇ ಪುಟಗಟ್ಟಲೆ ಬೆಳೆಯಬೇಕಾಗುತ್ತದೆ. ಪೀಠದ ಗಾತ್ರ, ತೀರ್ಪಿನ ವರ್ಷ, ಯಾವುದು ಯಾವುದನ್ನು ಕಟ್ಟಿಹಾಕುತ್ತದೆ ಎಂದೆಲ್ಲ ಹೇಳಬೇಕಾಗುತ್ತದೆ. ನಮ್ಮ ಪ್ರಕರಣದಲ್ಲೂ ಯಾರಾದರೂ ಸಾ ಪೈಪ್ಸ್ ಮತ್ತು ಫತೇಚಂದ್ ನಡುವೆ ಜಗಳ ಹಚ್ಚಿದರೆ, ಫತೇಚಂದ್ ಐವರ ಪೀಠದ್ದು, ಸಾ ಪೈಪ್ಸ್ ಇಬ್ಬರ ಪೀಠದ್ದು ಎಂಬುದು ಕೈಯಲ್ಲಿರಲಿ ಎಂದು ಅಡಿಟಿಪ್ಪಣಿಯಲ್ಲಿ ಹಾಕಿಸಿದೆ.

ಹೊಸ ಪ್ಯಾರಾ ಮುಕ್ಕಾಲು ಪುಟಕ್ಕೆ ಬಂತು. ಇಂಗ್ಲಿಷಿಗೆ ಅವಳೇ ತಂದಳು. ಚಿಕ್ಕ ಚಿಕ್ಕ ವಾಕ್ಯ, ಪ್ರತಿಯೊಂದೂ ಅವಳದೇ. ನಾಲ್ಕನೇ ದಿನ ಸಂಜೆ ಬೈಂಡಿಂಗ್ ಮುಗಿಸಿ ಕೊಟ್ಟು ಬಂದಳು.

ವಾದದ ದಿನ ಪೀಠದಲ್ಲಿ ಕೂತಿದ್ದ ಹಿರಿಯ ವಕೀಲರೊಬ್ಬರು ಅವಳನ್ನು ನಡುವೆ ತಡೆದು ಕೇಳಿದರು: ‘ಆ ಕಟ್ಟಡದಲ್ಲಿ ಮೇಲೊಂದು ಕೆಳಗೊಂದು ಎರಡು ಹಾಲ್ ಇದ್ದಿದ್ದರೆ ನಿಮ್ಮ ವಾದ ನಿಲ್ಲುತ್ತಿತ್ತೇನಮ್ಮಾ?’ ಅವಳು ಮೆಮೋರಿಯಲ್‌ನ ಪುಟ ತಿರುವಲಿಲ್ಲ. ‘ಇನ್ನೊಂದು ಹಾಲ್ ಆ ದಿನ ಖಾಲಿ ಇದ್ದಿದ್ದರೆ ನಿಲ್ಲುತ್ತಿರಲಿಲ್ಲ ಸರ್. ಎರಡನೇ ಕುಟುಂಬಕ್ಕೆ ಅದೇ ಸಿಗುತ್ತಿತ್ತು, ಆಗ ಪ್ರತಿವಾದಿಗೆ ನಿಜವಾಗಿಯೂ ಒಂದು ಬಾಡಿಗೆ ನಷ್ಟ. ಆದರೆ ನಮ್ಮ ಸಂಗತಿಗಳ ಪ್ರಕಾರ ಇರುವುದು ಒಂದೇ ಮಂಟಪ’ ಅಂದಳು. ಅವರು ತಲೆಯಾಡಿಸಿ ಏನೋ ಬರೆದುಕೊಂಡು, ‘ಸರಿ, ಮುಂದುವರಿಸಿ’ ಎಂದರು.